ವಿಶಾಖಾಳ ರಾಜೀನಾಮೆ

ತಿಕೋಟಾದಲ್ಲಿ ಸತ್ಯವ್ವನನ್ನು ಯಾರಾದರೂ ಮಾತಿಗೆಳೆದು, ನಿಮ್ಮ ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಕೇಳಿದರೆ, ಆಕೆ ಒಂದೇ ಮಾತಿನಲ್ಲಿ ಹೇಳುತ್ತಿದ್ದಳು: "ರಕ್ತ ತೊಳ್ಯಾಕ ಹೋಗ್ತಾಳ್ರಿ." ಕೇಳಿದವರು ಹೌಹಾರುತ್ತಿದ್ದರು. ಆಗ ಗಂಡ ಅಂಬಾದಾಸ ಕಟ್ಟೆಯ ಮೇಲಿಂದಲೇ ಬಿಡಿಸಿ ಹೇಳುತ್ತಿದ್ದ. ಮೂತ್ರಪಿಂಡ ಕೆಟ್ಟವರ ರಕ್ತವನ್ನು ಯಂತ್ರದಲ್ಲಿ ಹಾಯಿಸಿ ಸ್ವಚ್ಛ ಮಾಡುತ್ತಾರೆ, ಅದಕ್ಕೆ ಡಯಾಲಿಸಿಸ್ ಅನ್ನುತ್ತಾರೆ, ಆ ಯಂತ್ರ ನಡೆಸುವವಳು ನನ್ನ ಮಗಳು ಎಂದು. ವಿದ್ಯುತ್ ಕಂಪನಿಯಲ್ಲಿ ಕಂಬ ಹತ್ತಿ ಇಳಿದು ನಿವೃತ್ತನಾದ ಮನುಷ್ಯ ಅವನು. ಯಂತ್ರದ ಮಾತು ಬಂದರೆ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ವಿಶಾಖಾ ಡಿಪ್ಲೊಮಾ ಮುಗಿಸಿ ವಿಜಯಪುರದ ಅಥಣಿ ರಸ್ತೆಯ ಆ ಖಾಸಗಿ ಆಸ್ಪತ್ರೆಗೆ ಸೇರಿದಾಗ ಅವಳಿಗೆ ಇಪ್ಪತ್ತೆರಡು. ಆಸ್ಪತ್ರೆಯ ಸುತ್ತ ಆಗ ಬರೀ ಖಾಲಿ ಸೈಟುಗಳಿದ್ದವು. ಅವಳ ಕಣ್ಣೆದುರೇ ಅಲ್ಲೆಲ್ಲ ಮನೆ ಎದ್ದವು, ಬೇಕರಿ ಬಂತು, ಔಷಧಿ ಅಂಗಡಿಗಳು ಬಂದವು. ಡಯಾಲಿಸಿಸ್ ಕೋಣೆಯ ಎರಡು ಯಂತ್ರ ಆರಾದವು. ನಡೆಸುವವರು ಮಾತ್ರ ಇಬ್ಬರೇ ಉಳಿದರು, ಅವಳು ಮತ್ತು ಮುತ್ತು ಎಂಬ ಹುಡುಗ. ಬೆಳಗಿನ ಪಾಳಿಯ ರೋಗಿಗಳು ಎದ್ದರೆ ಮಧ್ಯಾಹ್ನದ ಪಾಳಿಯವರು ಅದೇ ಹಾಸಿಗೆಯಲ್ಲಿ ಮಲಗುತ್ತಿದ್ದರು. ಒಬ್ಬೊಬ್ಬರಿಗೆ ನಾಲ್ಕು ಗಂಟೆ, ವಾರಕ್ಕೆ ಎರಡು ಸಲ, ಕೆಲವರಿಗೆ ಮೂರು. ರೋಗಿಗಳು ಬಬಲೇಶ್ವರದಿಂದ, ಕಳ್ಳಕವಟಗಿಯಿಂದ, ಇನ್ನೂ ಆಚೆಯ ಹಳ್ಳಿಗಳಿಂದ ಬಸ್ಸು ಜೀಪು ಹಿಡಿದು ಬರುತ್ತಿದ್ದರು. ವರ್ಷಗಟ್ಟಲೆ ಒಂದೇ ಹಾಸಿಗೆಗೆ ಬಂದು ಮಲಗುವವರು ಬರೀ ರೋಗಿಗಳಾಗಿ ಉಳಿಯುವುದಿಲ್ಲ. ಯಾರ ಮೊಮ್ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರು ನೆಂಟರ ಮನೆಯಲ್ಲಿ ಕದ್ದು ಎರಡು ಲೋಟ ಮಜ್ಜಿಗೆ ಕುಡಿದು ಮೈ ಊದಿಸಿಕೊಂಡು ಬಂದಿದ್ದಾರೆ, ಎಲ್ಲ ವಿಶಾಖಾಳಿಗೆ ಗೊತ್ತಿರುತ್ತಿತ್ತು.

ಅವರಲ್ಲಿ ಗೌರಾಬಾಯಿ ಎಲ್ಲರಿಗಿಂತ ಹಳಬಳು. ಬಬಲೇಶ್ವರದವಳು. ಮಗ ಬಸಗೊಂಡಪ್ಪ ಅಲ್ಲಿ ನೀರಿನ ಮೋಟಾರು ದುರಸ್ತಿಯ ಅಂಗಡಿ ಇಟ್ಟಿದ್ದ. ಆಕೆಯ ಎಡಗೈಯಲ್ಲಿ ಸೂಜಿ ಚುಚ್ಚಲೆಂದು ಶಸ್ತ್ರಕ್ರಿಯೆ ಮಾಡಿ ರಕ್ತನಾಳ ಜೋಡಿಸಿದ್ದರು, ಫಿಸ್ಟುಲಾ ಅನ್ನುತ್ತಾರೆ ಅದಕ್ಕೆ. ಆ ನಾಳ ಚರ್ಮದ ಅಡಿ ಆಳಕ್ಕೆ ಇಳಿದು ಓರೆಯಾಗಿ ಹೋಗಿತ್ತು. ಮೇಲೆ ಬೆರಳಿಟ್ಟರೆ ಝುಂ ಎಂದು ರಕ್ತ ಹರಿಯುವುದು ತಿಳಿಯುತ್ತಿತ್ತೇ ಹೊರತು ಸೂಜಿ ಹೋದಾಗ ಜಾರಿಕೊಳ್ಳುತ್ತಿತ್ತು. ವಿಶಾಖಾ ಚುಚ್ಚಿದರೆ ಒಂದೇ ಸಲಕ್ಕೆ ರಕ್ತ ಬರುತ್ತಿತ್ತು. ಮುತ್ತು ಚುಚ್ಚಲು ಬಂದರೆ ಗೌರಾಬಾಯಿ ಸೆರಗಿನೊಳಗೆ ಕೈ ಎಳೆದುಕೊಳ್ಳುತ್ತಿದ್ದಳು. "ನೀ ಆ ಕಡೆ ಹೋಗೋ ತಮ್ಮಾ. ನನ್ನ ಕೈ ಆಕೀದು ಐತಿ," ಅನ್ನುತ್ತಿದ್ದಳು. ಮುತ್ತು ನಗುತ್ತ ಹೋಗುತ್ತಿದ್ದ.

ಆ ಮುತ್ತು ಒಂದು ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ. ಫೋನು ಎತ್ತಲಿಲ್ಲ. ಪುಣೆಯಲ್ಲಿ ಕೆಲಸಕ್ಕೆ ಸೇರಿದ್ದಾನಂತೆ ಎಂಬ ಸುದ್ದಿ ಆಮೇಲೆ ಬಂತು. ಹೇಳಲಿಲ್ಲ, ಕೇಳಲಿಲ್ಲ, ನೋಟಿಸ್ ಕೊಡಲಿಲ್ಲ. ಅವನ ಪಾಳಿ ವಿಶಾಖಾಳ ಮೇಲೆ ಬಿತ್ತು. ಸಹಾಯಕ್ಕೆ ವಾರ್ಡಿನ ನರ್ಸೊಬ್ಬಳನ್ನು ಕೊಟ್ಟರು. ಆಕೆಗೆ ಯಂತ್ರ ಮುಟ್ಟಿ ಗೊತ್ತಿಲ್ಲ. "ಸ್ವಲ್ಪ ದಿನ ಸುಧಾರಿಸ್ಕೊ, ಹೊಸಬರನ್ನ ತರ್ತೇವಿ," ಎಂದರು ಡಾಕ್ಟರ್ ಚೇತನಕುಮಾರ. ಆಸ್ಪತ್ರೆಯ ಮಾಲೀಕರು ಅವರೇ. ಸ್ವಲ್ಪ ದಿನ ಅನ್ನುವುದು ಬೇಸಿಗೆ ದಾಟಿತು, ಮಳೆಗಾಲವೂ ದಾಟಿತು. ತಿಕೋಟಾದಿಂದ ಮೊದಲ ಬಸ್ಸಿಗೆ ಬಂದು ದೀಪ ಹಚ್ಚಿದ ಮೇಲೆ ಮನೆ ಸೇರುವುದು ರೂಢಿಯಾಯಿತು. ಸತ್ಯವ್ವ ರೊಟ್ಟಿ ಬಡಿಯುತ್ತ ಕೂಗಿದರೆ ವಿಶಾಖಾ ಗೋಡೆಗೆ ಒರಗಿ ನಿದ್ದೆ ಹೋಗಿರುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಕೋಣೆಯಲ್ಲೇ ನಿದ್ದೆ ಹೋದಳು. ಸ್ಟೂಲಿನ ಮೇಲೆ ಕೂತಿದ್ದವಳು ಕೂತ ಹಾಗೆ. ನರ್ಸು ಊಟಕ್ಕೆ ಹೋಗಿದ್ದಳು. ಮೂರನೆಯ ಹಾಸಿಗೆಯಲ್ಲಿ ಸುರೈಯಾ ಎಂಬ ಎಳೆ ವಯಸ್ಸಿನ ಹೆಣ್ಣುಮಗಳಿದ್ದಳು. ಅವಳ ರಕ್ತದೊತ್ತಡ ಒಮ್ಮೆಲೇ ಕುಸಿಯಿತು. ಯಂತ್ರ ಕೂಗಿತು. ವಿಶಾಖಾಳಿಗೆ ಎಚ್ಚರವಾಗಲಿಲ್ಲ. ಸುರೈಯಾಳ ತಾಯಿ ಪೀರಾಂಬಿ ಓಡಿ ಬಂದು ಭುಜ ಹಿಡಿದು ಅಲುಗಾಡಿಸಿದಾಗ ಕಣ್ಣು ಬಿಟ್ಟಳು. ಸುರೈಯಾಳ ಕಣ್ಣಗುಡ್ಡೆ ಮೇಲೆ ಹೋಗಿತ್ತು. ವಿಶಾಖಾ ಹಾಸಿಗೆಯ ತಲೆಯ ಕಡೆ ಇಳಿಸಿ, ಯಂತ್ರ ಮೈಯ ನೀರು ಎಳೆಯುವುದನ್ನು ನಿಲ್ಲಿಸಿ, ಸಲೈನ್ ಬಿಟ್ಟು, ಹೆಸರು ಹಿಡಿದು ಕರೆಯುತ್ತ ನಿಂತಳು. ಸ್ವಲ್ಪ ಹೊತ್ತಿಗೆ ಹುಡುಗಿ ಕಣ್ಣು ತೆರೆದು ನೀರು ಕೇಳಿದಳು.

ಯಾರೂ ಬೈಯಲಿಲ್ಲ. ಪೀರಾಂಬಿ ಅವಳ ಕೆನ್ನೆ ಸವರಿ, "ನೀವೂ ಮನಷ್ಯಾರ ಅಲ್ಲೇನವಾ," ಎಂದಳು. ಬೈದಿದ್ದರೆ ವಿಶಾಖಾ ತಡೆದುಕೊಳ್ಳುತ್ತಿದ್ದಳೇನೋ. ಹೀಗೇ ನಡೆದರೆ ನನ್ನ ಕೈಯಿಂದ ಒಂದು ಜೀವ ಹೋಗುತ್ತದೆ ಎಂದು ಅಂದು ಬಸ್ಸಿನಲ್ಲಿ ಕೂತಾಗ ಅವಳಿಗೆ ಖಚಿತವಾಯಿತು.

ಬೆಳಗಾವಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ಅವಳು ಅರ್ಜಿ ಹಾಕಿದ್ದು ಅದೇ ವಾರ. ಫೋನಿನಲ್ಲಿ ಒಮ್ಮೆ, ಎದುರು ಕೂರಿಸಿ ಒಮ್ಮೆ ಮಾತಾಡಿಸಿದರು. ಡಯಾಲಿಸಿಸ್ ವಿಭಾಗದ ಒಂದು ಪಾಳಿಯ ಇನ್‌ಚಾರ್ಜ್ ಹುದ್ದೆ. ಅವಳ ಕೈಕೆಳಗೆ ಮೂವರು ತಂತ್ರಜ್ಞರು. ಮೇಲಾಗಿ ಮೂತ್ರಪಿಂಡದ ತಜ್ಞರು ದಿನಾ ಬರುತ್ತಾರೆ. ಸಂಬಳವೂ ಹೆಚ್ಚು, ಉಳಿಯಲು ಹಾಸ್ಟೆಲ್ಲೂ ಇತ್ತು. ಆಫರ್ ಲೆಟರ್ ಬಂತು. ಈಗಿನ ಕೆಲಸದಿಂದ ಬಿಡುಗಡೆಯಾದ ಪತ್ರದೊಂದಿಗೆ ಇಂಥ ತಾರೀಖಿನೊಳಗೆ ಹಾಜರಾಗಬೇಕು ಎಂದು ಅದರಲ್ಲಿತ್ತು.

ಅಂಬಾದಾಸ ಪತ್ರವನ್ನು ಎರಡು ಸಲ ಓದಿಸಿಕೊಂಡ. "ಹೋಗು. ಆದ್ರ ಆ ಮುತ್ತೂನಂಗ ಹೋಗಬ್ಯಾಡ," ಎಂದ. "ಹೇಳಿ, ಒಪ್ಪಿಸಿ, ಹೋಗು."

ವಿಶಾಖಾ ತನ್ನ ನೇಮಕಾತಿ ಪತ್ರ ತೆಗೆದು ನೋಡಿದಳು. ಎರಡೂ ಕಡೆಯವರು ಒಂದು ತಿಂಗಳ ನೋಟಿಸ್ ಕೊಡಬೇಕು ಎಂದಿತ್ತು. ಅಂದೇ ಮೇಲ್ ಬರೆದಳು. ಕೆಲಸ ಬಿಟ್ಟ ಮೇಲೆ ಆಸ್ಪತ್ರೆ ಕೊಟ್ಟ ಮೇಲ್ ವಿಳಾಸ ತನ್ನ ಕೈಯಲ್ಲಿರುವುದಿಲ್ಲವೆಂದು ಸ್ವಂತ ವಿಳಾಸದಿಂದ ಬರೆದಳು. ಆಡಳಿತ ನೋಡುವ ರಾಜೇಶ್ವರಿ ಮೇಡಮ್ಮಿಗೆ, ಅದರ ಒಂದು ಪ್ರತಿ ಡಾಕ್ಟರ್ ಚೇತನಕುಮಾರರಿಗೆ. ಇಂಗ್ಲಿಷಿನಲ್ಲಿದ್ದ ಆ ಮೇಲಿನ ಸಾರ ಇಷ್ಟು: ಬೆಳೆಯಲು ಹೆಚ್ಚು ಅವಕಾಶವಿರುವ ಹುದ್ದೆಯೊಂದು ಸಿಕ್ಕಿದ್ದರಿಂದ ಡಯಾಲಿಸಿಸ್ ತಂತ್ರಜ್ಞೆಯ ಹುದ್ದೆಗೆ ರಾಜೀನಾಮೆ ಕೊಡುತ್ತಿದ್ದೇನೆ. ನೇಮಕಾತಿ ಪತ್ರದಂತೆ ಇಂದಿನಿಂದ ಒಂದು ತಿಂಗಳ ನೋಟಿಸ್ ಅವಧಿ ಪೂರ್ತಿ ಕೆಲಸ ಮಾಡುತ್ತೇನೆ. ನನ್ನ ಕೊನೆಯ ದಿನ ಮುಂದಿನ ತಿಂಗಳ ಇಂಥ ದಿನ. ಈ ಅವಧಿಯಲ್ಲಿ ನೀವು ನೇಮಿಸುವವರಿಗೆ ಪ್ರತಿ ರೋಗಿಯ ವಿವರ, ನೀರು ಶುದ್ಧ ಮಾಡುವ ಘಟಕದ ನಿರ್ವಹಣೆ, ಸಾಮಾನಿನ ದಾಸ್ತಾನು ಎಲ್ಲವನ್ನೂ ಒಪ್ಪಿಸುತ್ತೇನೆ. ಆದಷ್ಟು ಬೇಗ ಒಬ್ಬರನ್ನು ಗೊತ್ತು ಮಾಡಿಕೊಡಿ. ಇಲ್ಲಿ ಕಲಿತದ್ದಕ್ಕೆ ಋಣಿ. ರಾಜೀನಾಮೆ ಸ್ವೀಕರಿಸಿದ್ದನ್ನು ದಯವಿಟ್ಟು ತಿಳಿಸಿ.

ಉತ್ತರ ಬರಲಿಲ್ಲ.

ಮೊದಲ ಎರಡು ದಿನ ಓದಿರಲಿಕ್ಕಿಲ್ಲ ಅಂದುಕೊಂಡಳು. ಮೂರನೆಯ ದಿನ ಮೇಲಿನ ಮಹಡಿಯ ಕಚೇರಿಗೆ ಹೋದಳು. ರಾಜೇಶ್ವರಿ ಕಂಪ್ಯೂಟರಿನಿಂದ ತಲೆ ಎತ್ತದೆ, "ಬಂದೈತಿ. ಸರ್ ಕಡೆ ಐತಿ," ಎಂದಳು.

"ಸ್ವೀಕಾರ ಮಾಡಿದ್ದು ಒಂದ್ ಮೇಲ್ ಹಾಕ್ರಿ ಮೇಡಮ್."

"ಸರ್ ಹೇಳಿದ್ರ ಹಾಕ್ತೇನಿ."

ಡಾಕ್ಟರ್ ಮಾತ್ರ ಏನೂ ಆಗಿಲ್ಲವೆಂಬಂತೆ ರೌಂಡ್ಸಿಗೆ ಬಂದು ಹೋಗುತ್ತಿದ್ದರು. ಅವರು ಕೇಸ್ ಶೀಟ್ ನೋಡಿ ಸಹಿ ಹಾಕಿ ಹೊರಟುಬಿಡುತ್ತಿದ್ದರು. ವಾರ ಕಳೆಯಿತು. ಅವಳು ಒಪ್ಪಿಸಬೇಕಾದ್ದನ್ನೆಲ್ಲ ಬಿಡುವಿದ್ದಾಗ ಕೂತು ಬರೆದಳು. ಯಾರ ತೂಕ ಎಷ್ಟಕ್ಕೆ ಇಳಿಸಬೇಕು, ಯಾರಿಗೆ ನೀರು ಬೇಗ ಎಳೆದರೆ ಸ್ನಾಯು ಸೆಳೆಯುತ್ತದೆ, ಯಾರಿಗೆ ಯಾವ ಕೈ, ಯಾವ ಸೂಜಿ. ಗೌರಾಬಾಯಿಯ ಹೆಸರಿನ ಕೆಳಗೆ ನಾಳ ಯಾವ ಓರೆಯಲ್ಲಿ ಹೋಗಿದೆ ಎಂದು ಚಿತ್ರವನ್ನೇ ಬರೆದಳು. ಬರೆದು ಯಾರ ಕೈಗೆ ಕೊಡುವುದು? ಯಾರೂ ಬರಲಿಲ್ಲ. ಇನ್ನೊಂದು ವಾರವೂ ಹೋಯಿತು. ಬೆಳಗಾವಿಯವರು ಫೋನು ಮಾಡಿ, ಬಿಡುಗಡೆ ಪತ್ರ ಸಿಗುತ್ತದಲ್ಲ ಎಂದು ಕೇಳಿದರು. ಸಿಗುತ್ತದೆ ಎಂದಳು. ಹೆಚ್ಚು ದಿನ ಕಾಯಲಾಗುವುದಿಲ್ಲ ಎಂದು ಅವರು ಮೆಲ್ಲಗೇ ಹೇಳಿ ಇಟ್ಟರು.

ಅವತ್ತು ಸಂಜೆ ಅವಳು ಮತ್ತೆ ಮೇಲೆ ಹೋದಳು. ರಾಜೇಶ್ವರಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದಳು. ವಿಶಾಖಾಳ ಮುಖ ನೋಡಿ ಚೀಲ ಮೇಜಿನ ಮೇಲಿಟ್ಟಳು.

"ಒಂದ್ ಮಾತ್ ಹೇಳ್ತೇನಿ, ನನ್ನ ಹೆಸರು ತರಬ್ಯಾಡ. ಸರ್ ಯಾರನ್ನೂ ಹುಡುಕಾಕತ್ತಿಲ್ಲ. ಜಾಹೀರಾತೂ ಕೊಟ್ಟಿಲ್ಲ, ಏಜೆನ್ಸಿಗೂ ಹೇಳಿಲ್ಲ."

"ಯಾಕ್ರಿ? ಮೇಲ್ ಓದಿಲ್ಲೇನು?"

"ಓದ್ಯಾರ. ಬಂದ ದಿನಾನೇ ಓದ್ಯಾರ. ಆಕಿ ಎಲ್ಲಿ ಹೋಗ್ತಾಳ ಬಿಡು, ಆ ಪೇಶಂಟ್ ಬಿಟ್ಟು ಆಕಿಗೆ ಹೋಗಾಕ ಮನಸ್ಸ ಆಗಂಗಿಲ್ಲ ಅಂದ್ರು."

ವಿಶಾಖಾ ಮೆಟ್ಟಿಲಿಳಿದು ಬಂದು ಖಾಲಿ ಕೋಣೆಯಲ್ಲಿ ಕೂತಳು. ಡಾಕ್ಟರ್ ಹೇಳಿದ್ದು ಸುಳ್ಳಾಗಿದ್ದರೆ ಸಿಟ್ಟು ಬರುತ್ತಿತ್ತು. ಅದು ನಿಜವಾಗಿತ್ತು. ತನ್ನ ಮನಸ್ಸಿನ ಒಳ್ಳೆಯ ಜಾಗವೊಂದನ್ನು ಅವರು ಗುರುತು ಹಿಡಿದು ಅಲ್ಲೇ ಗೂಟ ಬಡಿದು ಹಗ್ಗ ಕಟ್ಟಿದ್ದರು. ಕೊನೆಯ ದಿನ ಬರುತ್ತದೆ, ಕೋಣೆಯಲ್ಲಿ ಯಾರೂ ಇರುವುದಿಲ್ಲ, ಆಗ ರೋಗಿಗಳು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಆಗ ನಾನು ಉಳಿದೇ ಉಳಿಯುತ್ತೇನೆ. ಉಳಿದು ಮತ್ತೊಂದು ಮಧ್ಯಾಹ್ನ ಸ್ಟೂಲಿನ ಮೇಲೆ ನಿದ್ದೆ ಹೋಗುತ್ತೇನೆ. ಅವಳು ಫೋನು ತೆಗೆದು ಅಲ್ಲೇ ಎರಡನೆಯ ಮೇಲ್ ಬರೆದಳು.

ನನ್ನ ನೋಟಿಸ್ ಅವಧಿ ಮುಗಿಯಲು ಎರಡು ವಾರ ಉಳಿದಿದೆ. ಜವಾಬ್ದಾರಿ ವಹಿಸಿಕೊಳ್ಳಲು ಯಾರನ್ನೂ ನೇಮಿಸಿಲ್ಲ. ಡಯಾಲಿಸಿಸ್ ತಪ್ಪಿದರೆ ರೋಗಿಗಳ ಜೀವಕ್ಕೆ ಅಪಾಯ. ಆದ್ದರಿಂದ ಕೊನೆಯ ದಿನದ ನಂತರ ಇಲ್ಲಿ ತಂತ್ರಜ್ಞರಿರುವುದು ಖಚಿತವಿಲ್ಲ ಎಂದು ನಾಳೆಯಿಂದ ಪ್ರತಿ ಕುಟುಂಬಕ್ಕೆ ತಿಳಿಸುತ್ತೇನೆ. ಬೇರೆ ಆಸ್ಪತ್ರೆಗೆ ಹೋಗಲು ಬೇಕಾಗುವ ಚಿಕಿತ್ಸೆಯ ಸಾರಾಂಶ ಪತ್ರಗಳನ್ನು ತಯಾರಿಸಿದ್ದೇನೆ, ದಯವಿಟ್ಟು ಸಹಿ ಮಾಡಿ.

ಈ ಮೇಲಿಗೆ ಉತ್ತರ ಬೇಗ ಬಂತು. ಬೆಳಿಗ್ಗೆ ಅವಳು ಯಂತ್ರಗಳನ್ನು ಸಜ್ಜು ಮಾಡುವ ಮೊದಲೇ ಡಾಕ್ಟರ್ ತಮ್ಮ ಚೇಂಬರಿಗೆ ಕರೆಸಿದರು.

"ಪೇಶಂಟ್‌ಗೋಳನ್ನ ಹೆದರಸ್ತೀಯೇನು?"

"ಇಲ್ರಿ ಸರ್. ಇದ್ದದ್ದ ಹೇಳ್ತೇನ್ರಿ."

"ನಾ ನಿನ್ನ ರಾಜೀನಾಮೆ ಒಪ್ಪೇ ಇಲ್ಲ. ಒಪ್ಪಿಲ್ಲ ಅಂದ್ರ ನೋಟಿಸ್ ಪೀರಿಯಡ್ ಎಲ್ಲಿಂದ ಚಾಲೂ ಆತು?"

"ಪತ್ರದಾಗ ನೋಟಿಸ್ ಕೊಟ್ಟ ದಿನದಿಂದ ಅಂತ ಐತ್ರಿ. ಒಪ್ಪಿದ ದಿನದಿಂದ ಅಂತ ಇಲ್ರಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ರಿಲೀವಿಂಗ್ ಲೆಟರ್ ಕೊಡಲಿಲ್ಲ ಅಂದ್ರ ಏನ್ ಮಾಡ್ತಿ?"

"ಗೊತ್ತಿಲ್ರಿ ಸರ್."

ಆಮೇಲೆ ಡಾಕ್ಟರ್ ಬೇರೆಯದೇ ದನಿಯಲ್ಲಿ ಹೇಳಿದರು. "ಈ ಊರಿಗೆ ಯಾರೂ ಬರಂಗಿಲ್ಲ ವಿಶಾಖಾ. ಬಂದವ್ರು ನಾಕ್ ದಿನ ಕಲಿತು ಓಡ್ತಾರ. ನಿನ್ನ ಮ್ಯಾಲ ಕಟ್ಟೇನಿ ನಾ ಇದನ್ನ."

"ಅದಕ್ಕ ಹೋಗಾಕತ್ತೇನ್ರಿ ಸರ್," ಎಂದಳು ಅವಳು. ಹೇಳಿದ ಮೇಲೆ ತನ್ನ ದನಿಗೆ ತಾನೇ ಬೆಚ್ಚಿದಳು. "ಒಬ್ಬಾಕಿ ಮ್ಯಾಲ ಆರು ಮಷಿನ್ ನಿಂತಾವ್ರಿ. ನನಗ ಒಂದ್ ದಿನ ಜ್ವರ ಬಂದ್ರ ಅವರ ಗತಿ ಏನ್ರಿ?"

ಅವರು ಕಿಟಕಿಯ ಕಡೆ ತಿರುಗಿದರು. ಸಾರಾಂಶ ಪತ್ರಗಳಿಗೆ ಸಹಿ ಮಾತ್ರ ಮಾಡಿದರು. ರೋಗಿ ಕೇಳಿದಾಗ ಅದನ್ನು ಕೊಡದೆ ಇರಲು ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು.

ವಿಶಾಖಾ ಒಬ್ಬೊಬ್ಬರ ಹಾಸಿಗೆಯ ಪಕ್ಕ ಕೂತು ಹೇಳಿದಳು. ಕೆಲವರು ಸುಮ್ಮನೆ ಕೇಳಿದರು. ಕಳ್ಳಕವಟಗಿಯ ಒಬ್ಬ ಮುದುಕ ಅತ್ತ. ಪೀರಾಂಬಿ ಮರುದಿನವೇ ಸುರೈಯಾಳ ಕಾಗದ ಹಿಡಿದು ಸರಕಾರಿ ಆಸ್ಪತ್ರೆಗೆ ಹೋಗಿ, ಸರದಿಯಲ್ಲಿ ಹೆಸರು ಹಚ್ಚಿ ಬಂದಳು. ಇನ್ನಿಬ್ಬರು ಬೇರೆ ಖಾಸಗಿ ಆಸ್ಪತ್ರೆಗೆ ಹೊರಟೇ ಬಿಟ್ಟರು. ಗೌರಾಬಾಯಿ ಮಾತ್ರ ಮಾತು ಮುಗಿಯುವವರೆಗೆ ಮೇಲಿನ ಫ್ಯಾನು ನೋಡುತ್ತ ಮಲಗಿದ್ದಳು.

"ಎಲ್ಲಿ ಹೋಗ್ತಿ?" ಎಂದಳು ಕೊನೆಗೆ.

"ಬೆಳಗಾವಿಗ್ರಿ ಅವ್ವ."

"ಹೂಂ," ಎಂದಳು.

ಮುಂದಿನ ಸರದಿಗೆ ಗೌರಾಬಾಯಿ ಬರಲಿಲ್ಲ. ಅವಳ ಹಾಸಿಗೆ ನಾಲ್ಕು ಗಂಟೆ ಖಾಲಿ ಇತ್ತು. ಬಸಗೊಂಡಪ್ಪ ಫೋನಿನಲ್ಲಿ, "ಒಲ್ಲೆ ಅಂತಾಳ್ರಿ. ಏಳಾಕ ಒಲ್ಲೆ ಅಂತಾಳ," ಎಂದ. ಮರುದಿನ ಭಾನುವಾರ, ಯಂತ್ರಗಳಿಗೆ ರಜೆ. ವಿಶಾಖಾ ವಿಜಯಪುರಕ್ಕೆ ಬಂದು ಅಲ್ಲಿಂದ ಬಬಲೇಶ್ವರದ ಬಸ್ಸು ಹತ್ತಿದಳು.

ಅಂಗಡಿಯ ಮುಂದೆ ಬಿಚ್ಚಿದ ಮೋಟಾರುಗಳು ಬಿದ್ದಿದ್ದವು. ತಾಮ್ರದ ತಂತಿ ಸುತ್ತುತ್ತಿದ್ದ ಬಸಗೊಂಡಪ್ಪ ಅವಳನ್ನು ನೋಡಿ ಎದ್ದ. ಒಳಗೆ ಕರೆಯಲಿಲ್ಲ. ಮೊದಲು ಅಲ್ಲೇ ನಿಲ್ಲಿಸಿ ಕೇಳಿದ.

"ಎಲ್ಲಾ ಛಲೋ ನಡದಿತ್ತಲ್ರಿ ಸಿಸ್ಟರ್. ಏನ್ ಕಡಿಮಿ ಆತ್ ನಿಮಗ? ನಮ್ಮವ್ವ ನಿಮ್ಮನ್ನ ನಂಬಿ ಬದುಕ್ಯಾಳ."

ವಿಶಾಖಾ ಚಪ್ಪಲಿ ಬಿಟ್ಟಳು. ಒಳಗೆ ಹೋದಳು. ಗೌರಾಬಾಯಿ ಗೋಡೆಗೆ ದಿಂಬು ಕೊಟ್ಟು ಒರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಪಾದದ ಮೇಲೆ ಬೆರಳೊತ್ತಿದರೆ ಕುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು.

"ಅವ್ವ, ಮೈಯಾಗ ನೀರ್ ತುಂಬೈತಿ. ಈಗ ನಡೀರಿ. ನಾ ಮಷಿನ್ ಹಚ್ಚತೇನಿ."

"ಇವತ್ ಹಚ್ಚತಿ. ನಾಳಿ?"

"ನಾಳಿ ಮತ್ತೊಬ್ಬರು ಬರ್ತಾರ್ರಿ. ಬರಲಿಲ್ಲ ಅಂದ್ರ ಬ್ಯಾರೆ ದವಾಖಾನಿ ಐತಿ. ನಾನ ಮಾತಾಡೇನಿ."

"ನೀ ಹೊಂಟಿ. ನಾನೂ ಹೋಗ್ತೇನಿ ಬಿಡು," ಎಂದಳು ಗೌರಾಬಾಯಿ. ಅದರಲ್ಲಿ ಹಠವಿರಲಿಲ್ಲ, ಹೆದರಿಸುವ ಧಾಟಿಯೂ ಇರಲಿಲ್ಲ. ಸಂತೆಗೆ ಹೋಗುವ ಮಾತಿನಂತೆ ಹೇಳಿದಳು. "ಎಷ್ಟ್ ವರ್ಷ ಆತು ಬೇ, ಈ ಬಸ್ಸು, ಈ ಸೂಜಿ. ನಿನ್ನ ಮಾರಿ ನೋಡಾಕ ಬರತಿದ್ದೆ."

ವಿಶಾಖಾ ಆಕೆಯ ಪಾದ ಹಿಡಿದುಕೊಂಡಳು. "ಕೈ ಮುಗೀತೇನ್ರಿ ಅವ್ವ. ಇದೊಂದ್ ಸಲ ಏಳ್ರಿ."

ಬಸಗೊಂಡಪ್ಪ ಬಾಗಿಲಲ್ಲಿ ನಿಂತಿದ್ದ. ಅವಳನ್ನು ಅಡುಗೆಮನೆಯ ಕಡೆ ಕರೆದು ದನಿ ತಗ್ಗಿಸಿ ಹೇಳಿದ. "ಹೋಗಂಗಿಲ್ಲ ಅಂತ ಒಂದ್ ಮಾತ್ ಹೇಳ್ರಿ. ಸುಳ್ಳಾದ್ರೂ ಹೇಳ್ರಿ. ಎದ್ದು ಬರ್ತಾಳ."

ಆ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಿಬಿಟ್ಟರೆ ಮುಗಿಯಿತು, ಮುದುಕಿ ಏಳುತ್ತಾಳೆ. ಆದರೆ ಹೇಳಿದ ಮೇಲೆ ಅದು ಸುಳ್ಳಾಗಿ ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಗೌರಾಬಾಯಿಗೆ ಹೇಳಿದ್ದು ನಾಳೆ ಸುರೈಯಾಳಿಗೂ ಹೇಳಬೇಕಾಗುತ್ತದೆ, ಕಳ್ಳಕವಟಗಿಯ ಮುದುಕನಿಗೂ, ಕೊನೆಗೆ ತಾನು ಹೊರಡಲಾಗುವುದೇ ಇಲ್ಲ.

"ಸುಳ್ಳ ಹೇಳಿದ್ರ ನಾ ಹೋಗೂ ದಿವಸ ಆಕಿ ಮತ್ತ ಹಿಂಗ ಕೂಡ್ತಾಳ್ರಿ ಅಣ್ಣಾರ. ಆವಾಗ ಎಬ್ಬಸಾಕ ನಾನೂ ಇರಂಗಿಲ್ಲ. ಈಗ ಎತ್ತಿಕೊಂಡಾದ್ರೂ ಬರ್ರಿ, ದವಾಖಾನಿ ತಗಸ್ತೇನಿ."

"ಆಕಿ ಒಲ್ಲೆ ಅಂದಾಗ ಎತ್ತಿಕೊಂಡ್ ಹೆಂಗ ಬರ್ಲಿ," ಎಂದ ಬಸಗೊಂಡಪ್ಪ, ಮತ್ತೆ ಅವಳ ಮುಖ ನೋಡಲಿಲ್ಲ.

ವಿಶಾಖಾ ಒಬ್ಬಳೇ ಮರಳಿದಳು. ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಳು. ಮನೆಗೆ ಬಂದು, "ಯಪ್ಪಾ, ನಾ ಹೋಗೂದ ಬ್ಯಾಡೇನು?" ಎಂದು ಕೇಳಿದಳು. ಅಂಬಾದಾಸ ಅವಳ ಪಕ್ಕ ಬಂದು ಕೂತ. "ನನಗ ತಿಳಿವಲ್ದು," ಎಂದ. ಎಲ್ಲದಕ್ಕೂ ಒಂದು ಉತ್ತರ ಇರುತ್ತಿದ್ದ ಅಪ್ಪ ಹಾಗೆಂದದ್ದು ಅವಳಿಗೆ ಇನ್ನಷ್ಟು ಭಯ ತಂದಿತು.

ಸೋಮವಾರ ಬೆಳಗಿನ ಪಾಳಿ ಶುರುವಾಗಿ ಸ್ವಲ್ಪ ಹೊತ್ತಿಗೆ ಒಂದು ಜೀಪು ಬಂದು ಆಸ್ಪತ್ರೆಯ ಬಾಗಿಲಿಗೇ ನಿಂತಿತು. ಬಸಗೊಂಡಪ್ಪ ತಾಯಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಓಡಿ ಬಂದ. ಗೌರಾಬಾಯಿಯ ತುಟಿ ನೀಲಿಯಾಗಿತ್ತು. ಉಸಿರೆಳೆದಾಗ ಎದೆಯೊಳಗೆ ನೀರು ಗೊಳಗೊಳ ಎನ್ನುತ್ತಿತ್ತು. ಒಂದು ಯಂತ್ರವನ್ನು ವಿಶಾಖಾ ಆಕೆಗೆಂದೇ ಖಾಲಿ ಇಟ್ಟಿದ್ದಳು. ಉಳಿದ ಯಂತ್ರಗಳಲ್ಲಿ ರಕ್ತ ಓಡುತ್ತಿತ್ತು. ಡಾಕ್ಟರ್ ಚೇತನಕುಮಾರ ಕೆಳಗೆ ಓಡಿ ಬಂದರು. ಇಂಜೆಕ್ಷನ್ ಕೊಟ್ಟು, ಆಮ್ಲಜನಕದ ಮುಖವಾಡವನ್ನು ತಾವೇ ಒತ್ತಿ ಹಿಡಿದು ಆಕೆಯನ್ನು ಕೂರಿಸಿಕೊಂಡರು. ವಿಶಾಖಾ ಕೈ ಹಿಡಿದು ಚುಚ್ಚಿದಳು. ರಕ್ತ ಬಂತು. ರಕ್ತ ಮರಳಿ ಬಿಡುವ ಎರಡನೆಯ ಸೂಜಿಗೆ ಕೈ ಹಾಕಿದಾಗಲೇ ಆಚೆಯ ಹಾಸಿಗೆಯ ಯಂತ್ರ ಕೂಗತೊಡಗಿತು. ನರ್ಸು ಯಂತ್ರದ ಮುಂದೆ ನಿಂತು, ಏನು ಒತ್ತಬೇಕೆಂದು ತಿಳಿಯದೆ ವಿಶಾಖಾಳ ಕಡೆ ನೋಡಿದಳು. ವಿಶಾಖಾ ಬಿಡುವಂತಿರಲಿಲ್ಲ. ಡಾಕ್ಟರೂ ಬಿಡುವಂತಿರಲಿಲ್ಲ. ಆ ಯಂತ್ರ ಕೂಗುತ್ತಲೇ ಇತ್ತು. ಅವಳು ಸೂಜಿ ಕೂರಿಸಿ, ಪಟ್ಟಿ ಹಚ್ಚಿ, ಯಂತ್ರ ಶುರು ಮಾಡಿ ಓಡಿದಳು. ನಳಿಕೆ ಮಡಚಿಕೊಂಡಿತ್ತು, ಅಷ್ಟೇ. ನೆಟ್ಟಗೆ ಮಾಡಿದಳು, ಕೂಗು ನಿಂತಿತು. ತಿರುಗಿ ನೋಡಿದರೆ ಡಾಕ್ಟರ್ ಮುಖವಾಡ ಹಿಡಿದುಕೊಂಡೇ ಅವಳನ್ನು ನೋಡುತ್ತಿದ್ದರು. ಅವರ ಹಣೆಯೆಲ್ಲ ಬೆವರಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಗೌರಾಬಾಯಿಯ ಉಸಿರು ಹಗುರಾಯಿತು. ತುಟಿಗೆ ಬಣ್ಣ ಬಂತು. ಕಣ್ಣು ಬಿಟ್ಟು ವಿಶಾಖಾಳನ್ನು ನೋಡಿದಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದಳು.

ಮರುದಿನ ರಾಜೇಶ್ವರಿಯ ಮೇಲ್ ಬಂತು. ನಿಮ್ಮ ರಾಜೀನಾಮೆಯನ್ನು ಸ್ವೀಕರಿಸಲಾಗಿದೆ, ನೀವು ತಿಳಿಸಿದ ದಿನವೇ ಕೊನೆಯ ದಿನ, ಹೊಸ ತಂತ್ರಜ್ಞರು ಗುರುವಾರ ಹಾಜರಾಗುವರು, ಜವಾಬ್ದಾರಿ ಒಪ್ಪಿಸಿ ಸಹಿ ಪಡೆಯಿರಿ, ಕೊನೆಯ ದಿನವೇ ಬಿಡುಗಡೆ ಪತ್ರ ಕೊಡಲಾಗುವುದು ಎಂದಿತ್ತು. ಆ ಸೋಮವಾರ ಕಂಡದ್ದು ಡಾಕ್ಟರನ್ನು ಅಲುಗಿಸಿತೋ, ರೋಗಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋಗತೊಡಗಿದ್ದು ಅಲುಗಿಸಿತೋ, ವಿಶಾಖಾ ಕೇಳಲಿಲ್ಲ. ಅವರೂ ಹೇಳಲಿಲ್ಲ.

ಗುರುವಾರ ಇಬ್ಬರು ಬಂದರು. ಒಬ್ಬ ಏಜೆನ್ಸಿಯವನು, ಮೂರು ತಿಂಗಳ ಮಟ್ಟಿಗೆ. ಇನ್ನೊಬ್ಬಳು ಸಕೀನಾ, ಸೊಲ್ಲಾಪುರದಲ್ಲಿ ಎರಡು ವರ್ಷ ಇದೇ ಕೆಲಸ ಮಾಡಿದ್ದವಳು, ಊರ ಹತ್ತಿರ ಕೆಲಸ ಹುಡುಕುತ್ತಿದ್ದ ಇಂಡಿ ಕಡೆಯ ಹುಡುಗಿ. ಮಾತು ಕಡಿಮೆ, ಕೈ ಚುರುಕು. ವಿಶಾಖಾ ಬರೆದಿಟ್ಟದ್ದನ್ನೆಲ್ಲ ಅವಳ ಮುಂದೆ ಹರಡಿದಳು. ನೀರಿನ ಘಟಕ ತೋರಿಸಿದಳು, ರಾಸಾಯನಿಕದ ಲೆಕ್ಕ ಒಪ್ಪಿಸಿದಳು, ಒಬ್ಬೊಬ್ಬ ರೋಗಿಯ ಬಳಿಗೂ ಕರೆದೊಯ್ದು ಪರಿಚಯ ಮಾಡಿಸಿದಳು. ಸಕೀನಾ ಕೇಳಿದ ಪ್ರಶ್ನೆಗಳು ಸರಿಯಾಗಿದ್ದವು. ಅದನ್ನು ಕೇಳಿ ವಿಶಾಖಾಳಿಗೆ ತಿಂಗಳಲ್ಲೇ ಮೊದಲ ಸಲ ಹಸಿವಾಯಿತು.

ಆ ದಿನಗಳಲ್ಲಿ ಗೌರಾಬಾಯಿ ಒಮ್ಮೆ ಬಂದು ಹೋದಳು. ವಿಶಾಖಾ ಚುಚ್ಚಿದಳು, ಸಕೀನಾ ನಿಂತು ನೋಡಿದಳು. ಗೌರಾಬಾಯಿ ಇಬ್ಬರ ಜೊತೆಗೂ ಮಾತಾಡಲಿಲ್ಲ.

ಕೊನೆಯ ದಿನ ಮತ್ತೆ ಆಕೆಯ ಸರದಿ. ವಿಶಾಖಾ ಟ್ರೇ ಸಜ್ಜು ಮಾಡಿ ಸಕೀನಾಳ ಕೈಗೆ ಕೊಟ್ಟಳು. "ಇವತ್ ನೀ ಚುಚ್ಚು."

ಸಕೀನಾ ಬೆರಳಿಟ್ಟು ನಾಳ ಹುಡುಕಿದಳು, ಚರ್ಮ ಎಳೆದು ಹಿಡಿದು ಸೂಜಿ ಇಳಿಸಿದಳು. ರಕ್ತ ಬರಲಿಲ್ಲ. ನಾಳ ಜಾರಿತ್ತು. ಗೌರಾಬಾಯಿ ಹಲ್ಲು ಕಚ್ಚಿ ಹಿಡಿದು, ಇಷ್ಟು ದಿನದಲ್ಲಿ ಮೊದಲ ಸಲ ವಿಶಾಖಾಳ ಮುಖವನ್ನು ನೇರ ನೋಡಿದಳು. ಬಸಗೊಂಡಪ್ಪ ಬಾಗಿಲಲ್ಲಿ ಒಂದು ಹೆಜ್ಜೆ ಮುಂದೆ ಬಂದ.

ವಿಶಾಖಾಳ ಕೈ ತಾನಾಗಿ ಮುಂದೆ ಬಂದಿತ್ತು. ಒಂದೇ ಕ್ಷಣದ ಕೆಲಸ ಅವಳಿಗೆ. ತಾನು ಚುಚ್ಚಿ ಹೋದರೆ ಮುದುಕಿ ಇವತ್ತು ನೋಯುವುದಿಲ್ಲ. ಆದರೆ ಮುಂದಿನ ವಾರ ಈ ಹುಡುಗಿಯ ಮುಂದೆ ಕೈ ಚಾಚುವುದೂ ಇಲ್ಲ. ಅವಳು ಕೈ ಹಿಂದಕ್ಕೆಳೆದು ಬೆನ್ನ ಹಿಂದೆ ಕಟ್ಟಿಕೊಂಡಳು. ಉಗುರು ಅಂಗೈಗೆ ಇಳಿಯುವಷ್ಟು ಬಿಗಿಯಾಗಿ.

"ಸೂಜಿ ತಗಿ. ಹತ್ತಿ ಒತ್ತಿ ಹಿಡಿ," ಎಂದಳು ಸಕೀನಾಳಿಗೆ. "ಗಡಬಡ ಮಾಡಬ್ಯಾಡ. ಸ್ವಲ್ಪ ಮ್ಯಾಲ ನೋಡು. ಕಣ್ಣಿಗೆ ಕಾಣೂದು ಬಿಡು, ಬೆರಳಿಗೆ ಏನ್ ಹತ್ತತೈತಿ ನೋಡು."

ಸಕೀನಾ ಕಣ್ಣು ಮುಚ್ಚಿ ಬೆರಳು ಆಡಿಸಿದಳು. ಒಂದು ಕಡೆ ನಿಲ್ಲಿಸಿದಳು. "ಇಲ್ಲಿ ಓರೆ ಆಗೈತ್ರಿ."

"ಹೂಂ. ಅದರ ಸಂಗಾಟ ಹೋಗು."

ಸೂಜಿ ಇಳಿಯಿತು. ನಳಿಕೆಯಲ್ಲಿ ಕೆಂಪು ಸರ್ರನೆ ಏರಿತು. ಗೌರಾಬಾಯಿ ಕಣ್ಣು ಮುಚ್ಚಿದಳು. ಕೆನ್ನೆಯ ಮೇಲೆ ನೀರು ಇಳಿದು ಕಿವಿಯ ಕಡೆ ಹರಿಯಿತು. ಎರಡನೆಯ ಸೂಜಿ ಒಂದೇ ಸಲಕ್ಕೆ ಹೋಯಿತು. ಯಂತ್ರ ತಿರುಗಲಾರಂಭಿಸಿತು.

ಸಂಜೆ ರಾಜೇಶ್ವರಿ ಬಿಡುಗಡೆ ಪತ್ರ ಕೊಟ್ಟಳು. ಡಾಕ್ಟರ್ ಊರಲ್ಲಿರಲಿಲ್ಲ. ಹೊರಡುವ ಮುನ್ನ ವಿಶಾಖಾ ಗೌರಾಬಾಯಿಯ ಹಾಸಿಗೆಯ ಬಳಿ ಹೋಗಿ ನಿಂತಳು. ಬಸಗೊಂಡಪ್ಪ ತಾಯಿಗೆ ಚಪ್ಪಲಿ ತೊಡಿಸುತ್ತಿದ್ದ.

"ಬರ್ತೇನ್ರಿ ಅವ್ವ."

ಗೌರಾಬಾಯಿ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ತಲೆ ಎತ್ತಲಿಲ್ಲ. ವಿಶಾಖಾ ಸ್ವಲ್ಪ ಹೊತ್ತು ಕಾದಳು. ಆಮೇಲೆ ಸಕೀನಾ ಬಂದು, "ಅವ್ವ, ತೂಕ ನೋಡೂನು, ಏಳ್ರಿ," ಎಂದು ತೋಳು ಕೊಟ್ಟಳು. ಮುದುಕಿ ಆ ತೋಳು ಹಿಡಿದು ಎದ್ದಳು. ಇಬ್ಬರೂ ಮೆಲ್ಲಗೆ ತೂಕದ ಯಂತ್ರದ ಕಡೆ ನಡೆದರು.

ವಿಶಾಖಾ ಅಥಣಿ ರಸ್ತೆಗೆ ಬಂದು ತಿಕೋಟಾದ ಬಸ್ಸಿಗೆ ನಿಂತಳು. ಬಸ್ಸು ತಡವಾಗಿ ಬಂತು, ತುಂಬಿತ್ತು. ಅವಳು ಬಾಗಿಲ ಬಳಿ ಕಂಬಿ ಹಿಡಿದು ನಿಂತೇ ಊರಿಗೆ ಹೋದಳು.